ರಾತ್ರಿ ಪಾಳಿ ಡಬ್ಬಿಗೆ ಉಸ್ಲಿ, ಕಾಯಿತುರಿ ಮಾತ್ರ ಬೇಡ

"ಅಣ್ಣ, ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ರಾತ್ರಿ 10ರಿಂದ 6ರ ಶಿಫ್ಟ್. 9ಕ್ಕೆ ಎರಡು ಮುದ್ದೆ ಉಂಡು ಹೊರಡುತ್ತೇನೆ. 1 ಗಂಟೆಗೆ ಕ್ಯಾಂಟೀನ್ ಚಿತ್ರಾನ್ನ. 3ಕ್ಕೆ ಕಣ್ಣು ಎಳೆಯುತ್ತೆ. ಏನು ತಿನ್ನಲಿ?"

ತಮ್ಮ, ಇದೇ ತಪ್ಪನ್ನು ನಾನು ಎರಡು ವರ್ಷ ಮಾಡಿದ್ದೇನೆ. ಮುದ್ದೆ ಬಿಡಬೇಡ, 9 ಗಂಟೆ ಊಟ ಬಿಡು. ಏಳೂವರೆಗೇ ಕೂತುಬಿಡು. ಒಂದೇ ಮುದ್ದೆ, ಬಸ್ಸಾರು, ಪಲ್ಯ ಜಾಸ್ತಿ.

ಅಷ್ಟೇ ಅನ್ನ ತಿಂದರೂ ನಡುರಾತ್ರಿ ರಕ್ತದಲ್ಲಿ ಸಕ್ಕರೆ ಹಗಲಿಗಿಂತ ಜಾಸ್ತಿ ಏರುತ್ತದೆ. 3ರಿಂದ 5 ಹೇಗೂ ಮೈ ನಿದ್ದೆ ಕೇಳುವ ಹೊತ್ತು. ಏನೇ ತಿಂದರೂ ಆ ತೂಕಡಿಕೆ ಪೂರ್ತಿ ಹೋಗಲ್ಲ, ಕಮ್ಮಿ ಆಗುತ್ತದೆ ಅಷ್ಟೇ.

ಚಿತ್ರಾನ್ನದ ಜಾಗಕ್ಕೆ ನನ್ನದು ಹೆಸರುಕಾಳು ಉಸ್ಲಿ. ಒಂದು ದೊಡ್ಡ ಹಿಡಿ ಕಾಳು ಬೆಳಿಗ್ಗೆ ನೆನೆಹಾಕು. ಸಂಜೆ ಎರಡು ಕೂಗು ಸಾಕು. ಕಟ್ಟು ಬಸಿದು ಸಾರಿಗೆ ಇಟ್ಟುಕೊ. ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆ. ಕಾಯಿತುರಿ ಹಾಕಲೇಬೇಡ! ನಾನು ರುಚಿಗೆ ಅಂತ ಹಾಕಿ, ಬಿಸಿಬಿಸಿಯಾಗಿ ಸ್ಟೀಲ್ ಡಬ್ಬಿಗೆ ತುಂಬಿ, ಮೆಷಿನ್ ಪಕ್ಕ ಇಟ್ಟಿದ್ದೆ. ಮುಚ್ಚಳ ತೆಗೆದರೆ ಒಳಗೆಲ್ಲ ನೀರಿನ ಹನಿ, ಹುಳಿ ವಾಸನೆ, ಕಾಳು ಬೆರಳಿಗೆ ಲೋಳೆಯಾಗಿ ಅಂಟುತ್ತಿತ್ತು. ಹಸಿವಿಗೆ ನಾಲ್ಕು ಚಮಚ ತಿಂದೂಬಿಟ್ಟೆ. ಬೆಳಗಿನ ತನಕ ಟಾಯ್ಲೆಟ್‌ಗೇ ಡ್ಯೂಟಿ. ಈಗ ಎಂಟೂವರೆಗೆ ಮಾಡಿ ತಟ್ಟೆಯಲ್ಲಿ ಹರಡಿ, ಆರಿದ ಮೇಲೆ ತುಂಬುತ್ತೇನೆ. ನಿಂಬೆಹಣ್ಣು ಬೇರೆ ಒಯ್ದು ತಿನ್ನುವಾಗ ಹಿಂಡುತ್ತೇನೆ. ಹನ್ನೆರಡೂವರೆ ದಾಟಿಸಬೇಡ. ಕಡಲೆಕಾಳೂ ಆಗುತ್ತದೆ, ಆದರೆ ಕೆಲವರಿಗೆ ಹೊಟ್ಟೆ ಉಬ್ಬರ.

ಇದೇ ಪ್ರಶ್ನೆಗೆ ಇನ್ನೊಬ್ಬರು ಬಾಳೆಹಣ್ಣು, ಸ್ಟ್ರಾಂಗ್ ಕಾಫಿ ಅಂದಿದ್ದಾರೆ. ಬಾಳೆಹಣ್ಣು ಸರಿ, ಜೊತೆಗೆ ಒಂದು ಹಿಡಿ ಕಡಲೆಬೀಜ ಇರಲಿ. ಕಾಫಿ 4 ಗಂಟೆಗೆ ಕುಡಿದರೆ 8ಕ್ಕೆ ಮಲಗೋದು ಹೇಗೆ? ನನ್ನ ಕೊನೇ ಲೋಟ 1 ಗಂಟೆಗೆ. ಆ ಎನರ್ಜಿ ಡ್ರಿಂಕ್ ಡಬ್ಬಗಳಿಗೆ ದುಡ್ಡು ಸುರಿಯೋದು ನಿಲ್ಲಿಸು, ಅದು ಬಣ್ಣದ ಸಕ್ಕರೆ ನೀರು, ಜೊತೆಗೆ ಕಾಫಿಯಲ್ಲಿರುವ ಕೆಫೀನ್. ಕ್ರೀಂ ಬಿಸ್ಕೆಟ್ ಕೂಡ ಅದೇ ಜಾತಿ, ಯಾವ ಕಂಪನಿಯದಾದರೂ.

ಮೂರೂವರೆಗೆ ನೀರು ಮಜ್ಜಿಗೆ, ಅರ್ಧ ಸೀಬೆಹಣ್ಣು. ಮಜ್ಜಿಗೆಯಿಂದ ನಿದ್ದೆ ಜಾಸ್ತಿ ಅಂತ ನಮ್ಮ ಲೈನಿನ ಒಬ್ಬ ವಾದ ಮಾಡುತ್ತಾನೆ. ನನಗೆ ಹಾಗಾಗಿಲ್ಲ, ನೀನೇ ಎರಡು ದಿನ ನೋಡು.

ಇನ್ನೊಬ್ಬರು ತಮ್ಮ ತಾಯಿಯ ಶುಗರ್‌ಗೆ ಇದು ಆಗುತ್ತಾ ಅಂತ ಕೇಳಿದ್ದಾರೆ. ಇದು ರಾತ್ರಿ ಪಾಳಿಯವರ ಲೆಕ್ಕ. ಶುಗರ್ ಮಾತ್ರೆ, ಇನ್ಸುಲಿನ್ ಇರುವವರು ಊಟದ ಹೊತ್ತನ್ನು ಡಾಕ್ಟರ್ ಕೇಳದೆ ಬದಲಾಯಿಸಬೇಡಿ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಲಗಬೇಡ, 11ಕ್ಕೆ ಹಸಿವೇ ಎಬ್ಬಿಸುತ್ತದೆ. ಅರ್ಧ ಲೋಟ ರಾಗಿ ಅಂಬಲಿ, ಇಲ್ಲಾ ಎರಡು ಇಡ್ಲಿ. ಗೇಟ್ ಎದುರಿನ ಪೂರಿ ಸಾಗು ಕಡೆ ತಿರುಗಿ ನೋಡಬೇಡ, ಭಾನುವಾರ ಬಿಟ್ಟು.