ಖರೀದಿಸಿದ ಬ್ರ್ಯಾಂಡಿನ ಹಳೇ ಹೆಸರನ್ನು ಪೂರ್ತಿ ಬಿಡಬಹುದೇ?

"ಮಂಗಳೂರಿನಲ್ಲಿ ನಮ್ಮದು ಮಸಾಲೆ ಪುಡಿ ವ್ಯಾಪಾರ. ಕುಂದಾಪುರ ಕಡೆಯ ಒಂದು ಹಳೇ ಮಸಾಲೆ ಬ್ರ್ಯಾಂಡ್ ಖರೀದಿಸಿದ್ದೇವೆ. ನಮ್ಮ ಹೆಸರೇ ದೊಡ್ಡದು, ಹಾಗಾಗಿ ಮುಂದಿನ ತಿಂಗಳಿಂದ ಎಲ್ಲವನ್ನೂ ನಮ್ಮ ಹೆಸರಿನಲ್ಲೇ ಪ್ಯಾಕ್ ಮಾಡುವ ಯೋಚನೆ. ಹಳೇ ಹೆಸರನ್ನು ಪೂರ್ತಿ ಬಿಡಬಹುದೇ?"

ಮುಂದಿನ ತಿಂಗಳು ಖಂಡಿತ ಬೇಡ. ಮಸಾಲೆಯ ಜಾಗದಲ್ಲಿ ಕಾಫಿ ಪುಡಿ ಅಂತ ಹಾಕಿದರೆ ಇದು ನಮ್ಮದೇ ಕಥೆ.

ನಮ್ಮ ಘಟಕ ಮಂಗಳೂರಿನಲ್ಲಿ, ಕೊಂಡದ್ದು ಉಡುಪಿಯ ಘಟಕ. ಅವರ ಪ್ಯಾಕೆಟ್ ಹಸಿರು, ನಮ್ಮದು ಕೆಂಪು. ಅವರ ಪುಡಿಯಲ್ಲಿ ನೂರಕ್ಕೆ 53 ಪಾಲು ಕಾಫಿ, 47 ಪಾಲು ಚಿಕೋರಿ. ನಮ್ಮದರಲ್ಲಿ 70 ಕಾಫಿ, 30 ಚಿಕೋರಿ. ಎರಡು ಮಿಶ್ರಣ ಇಟ್ಟುಕೊಂಡರೆ ಪುಡಿ ಮಾಡುವುದು, ಪ್ಯಾಕಿಂಗ್, ಗೋದಾಮು ಎಲ್ಲವೂ ಎರಡೆರಡು ಆಗುತ್ತದೆ ಅಂತ ಒಂದೇ ಲಾಟಿನಲ್ಲಿ ಹೆಸರು, ಬಣ್ಣ, ಮಿಶ್ರಣ ಮೂರನ್ನೂ ಬದಲಾಯಿಸಿದೆವು. ಕಾಫಿಯ ಪಾಲು ಹೆಚ್ಚಿಸಿ ಹಳೇ ಬೆಲೆಗೇ ಕೊಡುತ್ತಿದ್ದೇವೆ, ಯಾರು ಬೇಡ ಅಂತಾರೆ ಅನ್ನುವುದು ನಮ್ಮ ಲೆಕ್ಕ.

ಮೊದಲು ಬೇಡ ಅಂದದ್ದು ಹೋಟೆಲಿನವರು. ಕಾರಣ ನಮಗೆ ತಡವಾಗಿ ತಿಳಿಯಿತು. ಚಿಕೋರಿ ಡಿಕಾಕ್ಷನ್‌ಗೆ ಕಪ್ಪು ಬಣ್ಣ ಮತ್ತು ಮಂದ ಕೊಡುತ್ತದೆ. ನೀರು ಬಿದ್ದಾಗ ಅದು ಉಬ್ಬುವುದರಿಂದ ಫಿಲ್ಟರಿನಲ್ಲಿ ಹನಿ ನಿಧಾನಕ್ಕೆ ಇಳಿಯುತ್ತದೆ. ಹೋಟೆಲಿನ ಭಟ್ಟರ ಕೈಯಲ್ಲಿ ಇಷ್ಟು ಪುಡಿಗೆ ಇಷ್ಟು ನೀರು, ಅದರಿಂದ ಇಷ್ಟು ಲೋಟ ಕಾಫಿ ಅನ್ನುವ ಅಳತೆ ಎಷ್ಟೋ ವರ್ಷದಿಂದ ಕೂತುಬಿಟ್ಟಿತ್ತು. ನಮ್ಮ ಪುಡಿಗೆ ಅದೇ ನೀರು ಹೊಯ್ದರೆ ಹನಿ ಬೇಗ ಇಳಿದು ಡಿಕಾಕ್ಷನ್ ತೆಳುವಾಗುತ್ತಿತ್ತು. ಹಾಲಿಗೆ ಅದೇ ಬಣ್ಣ ಬರಿಸಲು ಹೆಚ್ಚು ಡಿಕಾಕ್ಷನ್ ಬೇಕು, ಅಂದರೆ ಅದೇ ಒಂದು ಕೆಜಿಗೆ ಲೋಟಗಳ ಲೆಕ್ಕ ಕಡಿಮೆ. ನಮ್ಮ ಕಣ್ಣಿಗೆ ಮೇಲಿನ ದರ್ಜೆಯ ಪುಡಿ, ಅವರ ಗಲ್ಲಾಪೆಟ್ಟಿಗೆಗೆ ನಷ್ಟ.

ಅಂಗಡಿಗಳಿಂದಲೂ ಪ್ಯಾಕೆಟ್‌ಗಳು ವಾಪಸ್ ಬರತೊಡಗಿದವು. ಆಗ ನಾವು ನಿಜವಾಗಿ ಕಂಗಾಲಾದದ್ದು ಮಾರಾಟ ಇಳಿದದ್ದಕ್ಕಲ್ಲ, ಯಾಕೆ ಇಳಿಯಿತು ಅಂತ ಹೇಳಲು ಆಗದಿದ್ದುದಕ್ಕೆ. ಹೆಸರು ಹೋದದ್ದಕ್ಕೋ, ಬಣ್ಣಕ್ಕೋ, ರುಚಿಗೋ? ಮೂರನ್ನೂ ಒಟ್ಟಿಗೆ ಬದಲಾಯಿಸಿದವರಿಗೆ ಕಾರಣ ಹುಡುಕಲು ದಾರಿಯೇ ಇರುವುದಿಲ್ಲ. ಈ ಒಂದು ತಪ್ಪನ್ನು ಇಷ್ಟು ಎಳೆದು ಹೇಳುತ್ತಿರುವುದು ನೀವೂ ಅದರ ಹೊಸ್ತಿಲಲ್ಲೇ ನಿಂತಿದ್ದೀರಿ ಅಂತ.

ಕೊನೆಗೆ ಹೀಗೆ ಮಾಡಿದೆವು. ಬ್ರಹ್ಮಾವರದ ಕಡೆಯ ಲೈನಿಗೆ ಹಳೇ ಮಿಶ್ರಣವನ್ನೇ ಹೊಸ ಕೆಂಪು ಪ್ಯಾಕೆಟ್ಟಿನಲ್ಲಿ ಕಳಿಸಿದೆವು. ಕಾಪು–ಪಡುಬಿದ್ರಿ ಲೈನಿಗೆ ಹೊಸ ಮಿಶ್ರಣವನ್ನು ಹಳೇ ಹಸಿರು ಪ್ಯಾಕೆಟ್ಟಿನಲ್ಲಿ, ಕಾಫಿ–ಚಿಕೋರಿ ಪ್ರಮಾಣದ ಸ್ಟಿಕ್ಕರ್ ಸರಿಪಡಿಸಿ ಕಳಿಸಿದೆವು. ಆ ಪ್ರಮಾಣವನ್ನು ಪ್ಯಾಕೆಟ್ ಮೇಲೆ ಸರಿಯಾಗಿ ಬರೆಯಲೇಬೇಕು, ಕಾಫಿ 51ಕ್ಕಿಂತ ಕಡಿಮೆ ಇರುವಂತೆಯೂ ಇಲ್ಲ. ಆರು ವಾರ ನೋಡಿದೆವು. ಮೊದಲ ಆರ್ಡರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅಂಗಡಿಯವರು ಮೊದಲ ಸಲ ತೆಗೆದುಕೊಳ್ಳುವುದು ನಮ್ಮ ಲೈನ್ ಹುಡುಗನ ಮುಖ ನೋಡಿ. ಎರಡನೇ, ಮೂರನೇ ಆರ್ಡರ್ ಬರುವುದು ಮಾತ್ರ ಗಿರಾಕಿ ಮತ್ತೆ ಕೇಳಿದರೆ. ಬ್ರಹ್ಮಾವರದ ಕಡೆ ಹೋಟೆಲುಗಳು ವಾಪಸ್ ಬಂದವು, ಮನೆಯವರು ಬರಲಿಲ್ಲ. ಕಾಪು ಕಡೆ ಮನೆಯವರು ಕೊಂಡರು, ಹೋಟೆಲಿನವರು ತಿರುಗಿ ನೋಡಲಿಲ್ಲ. ಮನೆಯವರಿಗೆ ಬಣ್ಣ, ಹೋಟೆಲಿಗೆ ಮಿಶ್ರಣ. ಹೆಸರಿನ ವಿಷಯ ಅಂಗಡಿ ಎದುರು ನಿಂತಾಗ ಗೊತ್ತಾಯಿತು. ಆ ಬ್ರ್ಯಾಂಡಿನ ಹೆಸರು ಹೇಳಿ ಕೇಳಿದವರು ತೀರಾ ಕಡಿಮೆ, "ಪಚ್ಚೆ ಪ್ಯಾಕೆಟ್ ಕೊರ್ಲೆ" ಅಂದವರೇ ಹೆಚ್ಚು.

ಹಾಗಾಗಿ ಯಾರ ಹೆಸರು ದೊಡ್ಡದು ಅನ್ನುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಮಂಗಳೂರಿನಲ್ಲಿ ದೊಡ್ಡದಾದ ಹೆಸರು ಕುಂದಾಪುರದ ಅಡುಗೆಮನೆಯಲ್ಲಿ ದೊಡ್ಡದಾಗಿರಬೇಕು ಅಂತಿಲ್ಲ. ಹತ್ತು ಅಂಗಡಿ ಆರಿಸಿ, ಒಂದು ವಾರ ಬೆಳಗ್ಗೆ ಸಂಜೆ ಅಲ್ಲಿ ಯಾರನ್ನಾದರೂ ನಿಲ್ಲಿಸಿ, ಗಿರಾಕಿ ಬಾಯಲ್ಲಿ ಬಂದ ಮಾತನ್ನು ಹಾಗೆಯೇ ಬರೆಸಿಕೊಳ್ಳಿ. ಹೆಸರು ಹೇಳುತ್ತಾರೋ, ಬಣ್ಣವೋ, "ಹತ್ತು ರೂಪಾಯಿಯದ್ದು" ಅನ್ನುತ್ತಾರೋ, "ಮೀನಿಗೆ ಹಾಕುವ ಪುಡಿ" ಅನ್ನುತ್ತಾರೋ. ಯಾವುದನ್ನು ಉಳಿಸಬೇಕು ಅನ್ನುವುದು ಆ ಪುಸ್ತಕದಲ್ಲೇ ಇರುತ್ತದೆ.

ನಮ್ಮೂರ ಬ್ಯಾಂಕುಗಳನ್ನೇ ನೋಡಿ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು, ಹೆಸರೂ ಹೋಯಿತು. ಆದರೆ SYNB ಎಂದು ಶುರುವಾಗುವ ಹಳೇ ಐಎಫ್‌ಎಸ್‌ಸಿ ಸಂಖ್ಯೆಗಳು 2021ರ ಜೂನ್ 30ರವರೆಗೆ ನಡೆಯುತ್ತಿದ್ದವು. ಜನರ ಕೈಗೆ ರೂಢಿಯಾದದ್ದಕ್ಕೆ ಹದಿನೈದು ತಿಂಗಳು ಸಮಯ ಸಿಕ್ಕಿತು. ಆ ಬ್ಯಾಂಕು 1928ರಲ್ಲಿ ಶುರು ಮಾಡಿದ ಪಿಗ್ಮಿಯ ಹೆಸರಂತೂ ಬೇರೆ ಸೊಸೈಟಿಯವರು ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುವ ಹಣಕ್ಕೂ ನಿಂತುಬಿಟ್ಟಿದೆ.

ನಿಮ್ಮ ಮಸಾಲೆಗೆ ನಾನಾಗಿದ್ದರೆ ಪಾಕವನ್ನು ಮುಟ್ಟುವುದೇ ಇಲ್ಲ. ಮೆಣಸು ಎಲ್ಲಿಯದು, ಕೊತ್ತಂಬರಿ ಎಷ್ಟು ಹುರಿದದ್ದು, ಪುಡಿ ಎಷ್ಟು ನಯ ಅನ್ನುವುದನ್ನು ಹಳೇ ಘಟಕದವರಿಂದ ಬರೆಸಿಕೊಂಡು, ಹಾಗೆಯೇ ನಡೆಸಿ. ಮೊದಲ ಪೌಚ್ ಮುದ್ರಣದಲ್ಲಿ ಹಿಂಬದಿ ಮಾತ್ರ ಬದಲಾಗಲಿ. ತಯಾರಕರ ಹೆಸರು, ವಿಳಾಸ, ಗ್ರಾಹಕರ ದೂರವಾಣಿ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಅಲ್ಲಿ ಹೇಗೂ ನಿಮ್ಮದಾಗಬೇಕು. ಎರಡನೇ ಮುದ್ರಣದಲ್ಲಿ ಹಳೇ ಹೆಸರಿನ ಮೇಲೆ ನಿಮ್ಮದು ಚಿಕ್ಕದಾಗಿ ಬರಲಿ, ಮೂರನೆಯದರಲ್ಲಿ ಎರಡರ ಅಳತೆ ಅದಲುಬದಲಾಗಲಿ. ಬಣ್ಣ ಕೊನೆಗೆ, ಅದೂ ಬೇಕೇಬೇಕು ಅನಿಸಿದರೆ. ನಾವು ಹಸಿರಿಗೇ ಮರಳಿದ ಮೇಲೆ ಅದನ್ನು ಇವತ್ತಿಗೂ ತೆಗೆದಿಲ್ಲ. ಪ್ರತಿ ಮುದ್ರಣದ ನಂತರ ಮೂರನೇ ಆರ್ಡರ್ ನೋಡದೆ ಮುಂದಿನದಕ್ಕೆ ಅಚ್ಚಿನ ಸಿಲಿಂಡರ್ ಕೆತ್ತಿಸಬೇಡಿ.

ಮುಖ್ಯ ಹೆಸರು ಬದಲಾದ ಮುದ್ರಣಕ್ಕೆ ಬಾರ್‌ಕೋಡ್ ಸಂಖ್ಯೆಯೂ ಹೊಸತಾಗಬೇಕು. ಸೂಪರ್ ಮಾರ್ಕೆಟ್ಟಿನವರ ಕಂಪ್ಯೂಟರಿನಲ್ಲಿ ಅದು ಹೊಸ ಸರಕು. ಮೊದಲೇ ಹೇಳಿ ಸೇರಿಸದಿದ್ದರೆ ಬಿಲ್ಲಿಂಗ್ ಕೌಂಟರಿನಲ್ಲಿ ಪ್ಯಾಕೆಟ್ ಸ್ಕ್ಯಾನ್ ಆಗುವುದಿಲ್ಲ, ಹುಡುಗಿ ಅದನ್ನು ಪಕ್ಕಕ್ಕಿಡುತ್ತಾಳೆ.

ಇನ್ನು ಹಳೇ ಹೆಸರು ನಿಜಕ್ಕೂ ನಿಮ್ಮದಾಗಿದೆಯೇ ನೋಡಿ. ಯಂತ್ರ, ಕಟ್ಟಡ ಕೊಂಡ ಪತ್ರದಲ್ಲಿ ಟ್ರೇಡ್‌ಮಾರ್ಕ್, ಅದರ ಗುಡ್‌ವಿಲ್, ಲೇಬಲ್‌ನ ಚಿತ್ರ ಇವು ಬೇರೆಯಾಗಿ ಬರೆದಿರಬೇಕು, ಮಸಾಲೆ ಬರುವ 30ನೇ ವರ್ಗದಲ್ಲಿ ನಿಮ್ಮ ಹೆಸರಿಗೆ ಮಾಡಿಸಲು TM-P ಅರ್ಜಿ ಹಾಕಿರಬೇಕು. ಬಳಸುವುದನ್ನೇ ನಿಲ್ಲಿಸಿದರೆ ಇನ್ನೊಂದು ತೊಂದರೆ ಇದೆ. ಐದು ವರ್ಷಕ್ಕೂ ಮೇಲೆ ಸತತ ಬಳಸದ ಗುರುತನ್ನು ಪಟ್ಟಿಯಿಂದ ತೆಗೆಸಿ ಎಂದು ಬೇರೆಯವರು ಅರ್ಜಿ ಹಾಕಬಹುದು. ಕುಂದಾಪುರದಲ್ಲೇ ಯಾರಾದರೂ ಅದನ್ನು ಹಿಡಿದುಕೊಂಡರೆ ನೀವು ದುಡ್ಡು ಕೊಟ್ಟು ಕೊಂಡ ಹೆಸರು ನಿಮಗೇ ಎದುರು ನಿಲ್ಲುತ್ತದೆ. ಹಾಗಾಗಿ ಮಿಕ್ಕದ್ದೆಲ್ಲ ನಿಮ್ಮ ಹೆಸರಿಗೆ ಬಂದಮೇಲೂ ಮೀನಿನ ಮಸಾಲೆ ಒಂದನ್ನಾದರೂ ಹಳೇ ಹೆಸರಲ್ಲಿ, ಬಿಲ್ ಹಾಕಿ, ಪ್ರತಿ ವರ್ಷ ಮಾರುತ್ತಿರಿ.