ಬ್ರ್ಯಾಂಡ್ ಇಲ್ಲದ ಅಗ್ಗದ ಫಿಲಮೆಂಟ್ ಕೈಗೆ ಬಂದ ಕೂಡಲೇ ಏನೇನು ನೋಡಬೇಕು?

ಪ್ರಶ್ನೆ: ನನ್ನ 3ಡಿ ಪ್ರಿಂಟರಿಗೆ ಕಂಪನಿ ಹೆಸರೇ ಇಲ್ಲದ ಅಗ್ಗದ 1.75 ಮಿ.ಮೀ. ಪಿಎಲ್‌ಎ ಸ್ಪೂಲ್ ಒಂದನ್ನು ತರಿಸಿದ್ದೇನೆ. ಕ್ಯಾಲಿಪರ್‌ನಲ್ಲಿ ಒಂದು ಕಡೆ ಅಳೆದೆ, ಸರಿಯಾಗಿ 1.75 ಬಂತು. ಅಷ್ಟು ಸಾಕೇ, ಇನ್ನೇನಾದರೂ ನೋಡಬೇಕೇ?

ಉತ್ತರ:

ಸಾಲದು. ಒಂದು ಜಾಗದ ಅಳತೆ ಆ ಒಂದು ಜಾಗದ ಸುದ್ದಿಯನ್ನಷ್ಟೇ ಹೇಳುತ್ತದೆ. ಒಂದು ಕಿಲೋ ಪಿಎಲ್‌ಎ ಎಂದರೆ ಹೆಚ್ಚುಕಡಿಮೆ 335 ಮೀಟರ್ ಎಳೆ. ಅಗ್ಗದ ಮಾಲಿನಲ್ಲಿ ಸರಾಸರಿ ವ್ಯಾಸ ಕೆಟ್ಟಿರುವುದು ಅಪರೂಪ, ಕೆಡುವುದು ಅದರ ಸ್ಥಿರತೆ. ಸರಾಸರಿ 1.72 ಇದ್ದು ಉದ್ದಕ್ಕೂ ಹಾಗೇ ಇದ್ದರೆ ಸ್ಲೈಸರ್‌ನಲ್ಲಿ `filament_diameter` ಬದಲಿಸಿ ಆರಾಮಾಗಿ ಪ್ರಿಂಟ್ ಮಾಡಬಹುದು. ಸರಾಸರಿ ಕರಾರುವಾಕ್ಕಾಗಿ 1.75 ಇದ್ದರೂ ನಡುನಡುವೆ ಏರಿಳಿಯುತ್ತಿದ್ದರೆ ಅದನ್ನು ಯಾವ ಸೆಟ್ಟಿಂಗೂ ಸರಿಪಡಿಸಲಾರದು. ಹಾಗಾಗಿ ನೀವು ಹುಡುಕಬೇಕಾದದ್ದು ಈ ಏರಿಳಿತವನ್ನು.

ಹೊರತುದಿಯಿಂದ ಐದಾರು ಮೀಟರ್ ಬಿಚ್ಚಿ, ಅರ್ಧ ಮೀಟರಿಗೊಂದರಂತೆ ಅಳೆಯಿರಿ. ಪ್ರತಿ ಜಾಗದಲ್ಲೂ ಎರಡು ಅಳತೆ ಬೇಕು: ಒಮ್ಮೆ ಅಳೆದ ಮೇಲೆ ಎಳೆಯನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ. ಅಳೆಯುವ ಮೊದಲು ಕ್ಯಾಲಿಪರ್ ದವಡೆ ಒರೆಸಿ, ಮುಚ್ಚಿ, ಸೊನ್ನೆ ತೋರಿಸುತ್ತದೆಯೇ ನೋಡಿ. ದವಡೆಯ ಚೂಪು ತುದಿಯಲ್ಲಿ ಹಿಡಿದರೆ ಪ್ಲಾಸ್ಟಿಕ್ ಒತ್ತಿಹೋಗಿ ಕಡಿಮೆ ತೋರಿಸುತ್ತದೆ, ಆದ್ದರಿಂದ ಚಪ್ಪಟೆ ಭಾಗದಲ್ಲಿ ಹಗುರವಾಗಿ ಹಿಡಿಯಿರಿ. ಸಾಮಾನ್ಯ ಡಿಜಿಟಲ್ ಕ್ಯಾಲಿಪರ್‌ನಲ್ಲೇ 0.02ರಿಂದ 0.03 ಮಿ.ಮೀ. ತಪ್ಪು ಇರಬಹುದು. 0.01ರ ವ್ಯತ್ಯಾಸ ಕಂಡು ಗಾಬರಿಯಾಗುವ ಅಗತ್ಯವಿಲ್ಲ.

ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯವಿದೆ. ಸ್ಪೂಲ್‌ನಿಂದ ಬಿಚ್ಚಿದ ಎಳೆ ನೇರವಾಗಿರುವುದಿಲ್ಲ, ಸುತ್ತಿನ ಬಾಗು ಉಳಿದಿರುತ್ತದೆ. ಆ ಬಾಗಿನ ಒಳಮೈಗೆ ದವಡೆಯ ಎರಡೂ ಅಂಚು ತಾಗುತ್ತವೆ, ನಡುವೆ ಸಣ್ಣ ಸಂದು ಉಳಿಯುತ್ತದೆ. ಆ ಸಂದೂ ನಿಮ್ಮ ಅಳತೆಗೆ ಸೇರಿಬಿಡುತ್ತದೆ. ಬಾಗಿನ ತ್ರಿಜ್ಯ 50 ಮಿ.ಮೀ., ದವಡೆಯ ಅಗಲ 3 ಮಿ.ಮೀ. ಇದ್ದರೆ ಆ ಸಂದು ಸುಮಾರು 0.02 ಮಿ.ಮೀ. ಮೈಕ್ರೋಮೀಟರ್ ಬಳಸುವವರಿಗೆ ಇದು ಇನ್ನೂ ದೊಡ್ಡದು, ಅದರ ಮುಖ ಅಗಲವಾಗಿರುತ್ತದಲ್ಲ. ಎಳೆಯನ್ನು ತಿರುಗಿಸಿದಾಗ ಈ ಹೆಚ್ಚುವರಿ ಮಾಯವಾಗುತ್ತದೆ, ಆಗ ದುಂಡಗಿರುವ ಎಳೆಯೂ ಮೊಟ್ಟೆಯಾಕಾರದ್ದಾಗಿ ತೋರುತ್ತದೆ. ಆದ್ದರಿಂದ ಅಳೆಯುವ ತುಂಡನ್ನು ಬೆರಳಲ್ಲಿ ಹಿಮ್ಮುಖವಾಗಿ ಮೆಲ್ಲಗೆ ನೀವಿ ನೇರ ಮಾಡಿಕೊಳ್ಳಿ. ನೇರ ಮಾಡಲು ಹೋದಾಗಲೇ ಅದು ಪಟ್ಟನೆ ಮುರಿದರೆ ಅದನ್ನೂ ಬರೆದಿಟ್ಟುಕೊಳ್ಳಿ. ತೇವ ಹೀರಿದ ಪಿಎಲ್‌ಎ ಹೀಗೆ ಪೆಡಸಾಗುತ್ತದೆ.

ಒಂದು ಸ್ಪೂಲ್‌ನ ಅಳತೆಗಳು ಹೀಗಿವೆ ಅಂದುಕೊಳ್ಳಿ: ಒಂದು ಜಾಗದಲ್ಲಿ 1.68 ಮತ್ತು 1.76, ಮುಂದೆ 1.70 ಮತ್ತು 1.78, ಇನ್ನೂ ಮುಂದೆ 1.74 ಮತ್ತು 1.84. ಎಲ್ಲ ಕೂಡಿಸಿ ಭಾಗಿಸಿದರೆ ಸರಾಸರಿ 1.75. ಕಾಗದದ ಮೇಲೆ ಉತ್ತಮ ಮಾಲು! ಆದರೆ ನಾಝಲ್‌ನಿಂದ ಹೊರಬರುವ ಪ್ಲಾಸ್ಟಿಕ್‌ನ ಪ್ರಮಾಣ ನಿರ್ಧಾರವಾಗುವುದು ಅಡ್ಡಕೊಯ್ತದ ವಿಸ್ತೀರ್ಣದಿಂದ. ಎರಡು ಅಳತೆಗಳನ್ನು ಗುಣಿಸಿ, 1.75ರ ವರ್ಗವಾದ 3.0625ರಿಂದ ಭಾಗಿಸಿ. ಮೊದಲ ಜಾಗಕ್ಕೆ 0.965 ಬರುತ್ತದೆ, ಎರಡನೆಯದಕ್ಕೆ 0.988, ಮೂರನೆಯದಕ್ಕೆ 1.045. ಅಂದರೆ ಒಂದು ಕಡೆ ಸುಮಾರು ಶೇ. 3.5 ಕಡಿಮೆ ಪ್ಲಾಸ್ಟಿಕ್, ಇನ್ನೊಂದು ಕಡೆ ಶೇ. 4.5 ಹೆಚ್ಚು. ಈ ಶೇ. 8ರ ತೂಗಾಟ ಗೋಡೆಯ ಮೇಲೆ ಅಡ್ಡಪಟ್ಟೆಗಳಾಗಿ ಎದ್ದು ಕಾಣುತ್ತದೆ.

ಅದು ಎಲ್ಲಿ ಕಾಣುತ್ತದೆ ಎಂಬುದು ನೀವು ಪ್ರಿಂಟ್ ಮಾಡುವ ವಸ್ತುವಿನ ಮೇಲೂ ನಿಂತಿದೆ. 40 ಮಿ.ಮೀ. ಚೌಕದ, ಒಂದೇ ಗೋಡೆಯ ಟೊಳ್ಳು ಡಬ್ಬಿಯಲ್ಲಿ, 0.4 ಅಗಲ ಮತ್ತು 0.2 ಎತ್ತರದ ಪದರವೊಂದಕ್ಕೆ ಕೇವಲ 5 ಮಿ.ಮೀ.ನಷ್ಟು ಫಿಲಮೆಂಟ್ ಸಾಕು. ಒಂದು ಮೀಟರ್ ಎಳೆ ಸುಮಾರು 38 ಮಿ.ಮೀ. ಎತ್ತರಕ್ಕೆ ಹರಡಿಕೊಳ್ಳುವುದರಿಂದ ನಿಧಾನದ ಏರಿಳಿತ ಕಣ್ಣಿಗೆ ಬೀಳದೇ ಹೋಗಬಹುದು. ಅದೇ ಎಳೆಯಲ್ಲಿ ಪದರಕ್ಕೆ ಅರ್ಧ ಮೀಟರ್ ತಿನ್ನುವ ದೊಡ್ಡ ವಸ್ತು ಮಾಡಿದರೆ, ಕೆಲವೇ ಪದರಗಳಿಗೊಮ್ಮೆ ಪಟ್ಟೆ ಮೂಡುತ್ತದೆ. ‘ಪರೀಕ್ಷೆಗೆ ಮಾಡಿದ ಸಣ್ಣ ಡಬ್ಬಿ ಚೆನ್ನಾಗಿ ಬಂತು, ದೊಡ್ಡದು ಕೆಟ್ಟಿತು’ ಎನ್ನುವವರಲ್ಲಿ ಕೆಲವರಿಗಾದರೂ ಇದೇ ಕಾರಣ.

ದುಂಡಗಿಲ್ಲದಿರುವುದರ ತೊಂದರೆಯೇ ಬೇರೆ. 1.70 ಮತ್ತು 1.80ರ ಮೊಟ್ಟೆಯಾಕಾರದ ಎಳೆಯ ವಿಸ್ತೀರ್ಣ 1.75ರ ದುಂಡು ಎಳೆಯಷ್ಟೇ ಇರುತ್ತದೆ. ಆದರೆ ಎಳೆ ತಿರುಚಿಕೊಳ್ಳುತ್ತಾ ಬಂದಾಗ ಎಕ್ಸ್‌ಟ್ರೂಡರ್‌ನ ಹಲ್ಲಿಗೆ ಒಮ್ಮೆ ದಪ್ಪ ಮಗ್ಗುಲು, ಒಮ್ಮೆ ತೆಳು ಮಗ್ಗುಲು ಸಿಗುತ್ತದೆ. ಹಿಡಿತ ಬದಲಾದರೆ ತಳ್ಳುವ ಪ್ರಮಾಣವೂ ಬದಲಾಗುತ್ತದೆ. ನಾನು ಇಟ್ಟುಕೊಂಡಿರುವ ಮಿತಿ ಹೀಗಿದೆ: ಒಂದೇ ಜಾಗದ ಎರಡು ಅಳತೆಗಳ ನಡುವೆ 0.05ರವರೆಗೆ ಪರವಾಗಿಲ್ಲ, 0.08 ದಾಟಿದರೆ ಹೊರಗೆ ಕಾಣುವ ಭಾಗಗಳಿಗೆ ಆ ಸ್ಪೂಲ್ ಬಳಸುವುದಿಲ್ಲ. ವ್ಯಾಸಕ್ಕೂ 1.75ರಿಂದ 0.05 ಆಚೀಚೆ ನನ್ನ ಗಡಿ.

ಕ್ಯಾಲಿಪರ್ ಮೇಲೆ ನಂಬಿಕೆ ಸಾಲದಿದ್ದರೆ ತೂಕ ನೋಡಿ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಸಾಕು. ನೇರ ಮಾಡಿದ ಒಂದು ಮೀಟರ್ ತುಂಡನ್ನು ಕತ್ತರಿಸಿ ತೂಗಿ. ಪಿಎಲ್‌ಎ ಸಾಂದ್ರತೆ 1.24 ಎಂದು ಹಿಡಿದರೆ 1.75ರ ಎಳೆ 2.98 ಗ್ರಾಂ, 1.70ರ ಎಳೆ 2.81 ಗ್ರಾಂ ತೂಗಬೇಕು. ಕ್ಯಾಲಿಪರ್ 1.75 ಎಂದು ಹೇಳುತ್ತಿದ್ದು ತಕ್ಕಡಿ 2.8 ತೋರಿಸಿದರೆ ಮೂರರಲ್ಲೊಂದು ಕಾರಣ: ಕ್ಯಾಲಿಪರ್ ತಪ್ಪು ಹೇಳುತ್ತಿದೆ, ಒಳಗೆ ಪೊಳ್ಳಿದೆ, ಇಲ್ಲವೇ ಪ್ಲಾಸ್ಟಿಕ್‌ನ ಮಿಶ್ರಣ ಬೇರೆ. ಹರಿತವಾದ ಬ್ಲೇಡಿನಿಂದ ಕೆಲವು ಕಡೆ ಅಡ್ಡಲಾಗಿ ಕತ್ತರಿಸಿ ನೋಡಿ. ಶೇ. 6ರಷ್ಟು ತೂಕ ಕಡಿಮೆಯಾಗಲು ನಡುವೆ 0.4 ಮಿ.ಮೀ. ಅಗಲದ ರಂಧ್ರ ಉದ್ದಕ್ಕೂ ಇರಬೇಕಾಗುತ್ತದೆ, ಅದು ಬರಿಗಣ್ಣಿಗೇ ಕಾಣುತ್ತದೆ. ಎಳೆ ತಯಾರಾಗುವಾಗ ಹೊರಮೈ ಬೇಗ ಗಟ್ಟಿಯಾಗಿ, ಒಳಭಾಗ ಆಮೇಲೆ ತಣ್ಣಗಾಗಿ ಕುಗ್ಗಿದಾಗ ಇಂಥ ಪೊಳ್ಳು ಹುಟ್ಟುತ್ತದೆ. ರಂಧ್ರ ಎಲ್ಲೂ ಕಾಣದೆ, ಕ್ಯಾಲಿಪರೂ ಸರಿಯಿದ್ದರೆ ಸಾಂದ್ರತೆಯೇ ಬೇರೆ ಎಂದುಕೊಳ್ಳಿ. ಅಂಥದ್ದಕ್ಕೆ ನಾಝಲ್ ಉಷ್ಣತೆಯನ್ನು ಹೊಸದಾಗಿ ಹುಡುಕಿಕೊಳ್ಳಬೇಕಾಗಬಹುದು.

ಇಷ್ಟಾದರೂ ನೀವು ನೋಡಿರುವುದು ಹೊರಗಿನ ಕೆಲವು ಮೀಟರ್ ಮಾತ್ರ. ಒಳಗಿನದು ತಿಳಿಯಬೇಕಾದರೆ ಖಾಲಿ ಸ್ಪೂಲ್ ಒಂದಕ್ಕೆ ಮರುಸುತ್ತುವುದೇ ದಾರಿ. ಸುತ್ತುವಾಗ ಎಳೆಯನ್ನು 1.9 ಮಿ.ಮೀ. ಒಳವ್ಯಾಸದ ಪಿಟಿಎಫ್‌ಇ ಟ್ಯೂಬಿನ ಸಣ್ಣ ತುಂಡೊಂದರ ಮೂಲಕ ಹಾಯಿಸಿ. ಹಾಟ್‌ಎಂಡ್‌ನಲ್ಲಿ ಸಿಕ್ಕಿಕೊಳ್ಳಬಹುದಾದ ಗಡ್ಡೆ ಅಲ್ಲೇ ನಿಂತುಬಿಡುತ್ತದೆ. ತೆಳುವಾದ ಭಾಗ ಮಾತ್ರ ಸುಳಿವು ಕೊಡದೆ ದಾಟಿಹೋಗುತ್ತದೆ, ಅದಕ್ಕೆ ನಡುನಡುವೆ ನಿಲ್ಲಿಸಿ ಅಳೆಯಲೇಬೇಕು. ಎಲ್ಲ ಸ್ಪೂಲಿಗೂ ಈ ಶ್ರಮ ಬೇಡ. ರಾತ್ರಿಯಿಡೀ ಓಡುವ ದೊಡ್ಡ ಪ್ರಿಂಟ್ ಇದ್ದಾಗ ಮಾಡಿ.

ಸುತ್ತಿನ ಗುಣ ನೋಡಲು ಹೆಚ್ಚು ಹೊತ್ತು ಬೇಡ. ಎಳೆಗಳು ಒಂದರ ಪಕ್ಕ ಒಂದು ಬಿಗಿಯಾಗಿ ಕೂತಿವೆಯೇ, ಅಂಚಿನ ತಟ್ಟೆ ಮತ್ತು ಸುತ್ತಿನ ನಡುವೆ ಯಾವುದಾದರೂ ಎಳೆ ಜಾರಿ ಬಿದ್ದಿದೆಯೇ ನೋಡಿ. ಆಮೇಲೆ ಸ್ಪೂಲನ್ನು ಸ್ಟ್ಯಾಂಡಿಗೆ ಹಾಕಿ ಐದಾರು ಮೀಟರ್ ಕೈಯಿಂದ ನಿಧಾನವಾಗಿ ಎಳೆಯಿರಿ. ಎಳೆ ಪಕ್ಕದ ಸುತ್ತಿನಡಿ ನುಸುಳಿದ್ದರೆ ಕೈಗೆ ಜಗ್ಗಿದಂತಾಗಿ, ಸ್ಪೂಲ್ ತಡೆದು ಆಮೇಲೆ ಜಿಗಿಯುತ್ತದೆ. ಯಾವ ಕಾರಣಕ್ಕೂ ಹೊರತುದಿಯನ್ನು ಕೈಬಿಡಬೇಡಿ. ಅದು ಸಡಿಲವಾಗಿ ಇನ್ನೊಂದು ಸುತ್ತಿನ ಕೆಳಗೆ ತೂರಿದರೆ, ಕಾರ್ಖಾನೆಯಲ್ಲಿ ಇಲ್ಲದಿದ್ದ ಸಿಕ್ಕು ನಿಮ್ಮ ಮನೆಯಲ್ಲೇ ಹುಟ್ಟಿಕೊಳ್ಳುತ್ತದೆ.

ಬಣ್ಣವನ್ನು ಹಗಲಿನ ಬೆಳಕಲ್ಲಿ ಕಿಟಕಿಯ ಹತ್ತಿರ ನೋಡಿ. ಸ್ಪೂಲಿನ ಪಕ್ಕದ ತೂತುಗಳಿಂದ ಕಾಣುವ ಒಳ ಎಳೆಗಳನ್ನೂ ಹೊರ ಎಳೆಯನ್ನೂ ಹೋಲಿಸಿ. ಕಾರ್ಖಾನೆಯಲ್ಲಿ ಬಣ್ಣ ಬದಲಿಸಿದಾಗ ಹಳೆಯದು ಪೂರ್ತಿ ಹೋಗುವ ಮೊದಲೇ ಸುತ್ತಿದ ಎಳೆ ಹೀಗೆ ಸಿಕ್ಕಿಬೀಳುತ್ತದೆ. ಕಪ್ಪು ಚುಕ್ಕಿಗಳಿದ್ದರೆ ಸಾಮಾನ್ಯವಾಗಿ ಸುಟ್ಟ ಪ್ಲಾಸ್ಟಿಕ್, ನಾಝಲ್ ಕಟ್ಟಿಕೊಳ್ಳಲು ಅಷ್ಟೇ ಸಾಕು. ಒಂದೇ ವಸ್ತುವಿಗೆ ಎರಡು ಸ್ಪೂಲ್ ಬೇಕಿದ್ದರೆ ಎರಡರಿಂದಲೂ ತೆಳು ಚೂರೊಂದನ್ನು ಪ್ರಿಂಟ್ ಮಾಡಿ ಹೋಲಿಸಿ. ಸ್ಪೂಲಿನಲ್ಲಿ ಒಂದೇ ಥರ ಕಂಡ ಬಣ್ಣ ತೆಳು ಗೋಡೆಯಲ್ಲಿ ಬೇರೆಯಾಗಿ ಕಾಣಬಹುದು.

ಕೊನೆಗೆ ಗುಳ್ಳೆ. ನಾಝಲನ್ನು ಬೆಡ್‌ನಿಂದ ಸಾಕಷ್ಟು ಮೇಲೆತ್ತಿ, ಗಾಳಿಯಲ್ಲೇ ನಿಧಾನವಾಗಿ ಹೊರಬಿಡಿ:

```
M109 S205
M83
G1 E50 F60
```

ಇಲ್ಲಿ ಸೆಕೆಂಡಿಗೆ 1 ಮಿ.ಮೀ. ಎಳೆ ಒಳಗೆ ಹೋಗುತ್ತದೆ. ಪ್ರಿಂಟನ್ನು ತಣಿಸುವ ಫ್ಯಾನ್ ನಿಲ್ಲಿಸಿ ಕಿವಿಗೊಡಿ. ಚಟಚಟ ಸದ್ದು, ತುದಿಯಲ್ಲಿ ಸಣ್ಣ ಹಬೆ, ನಯವಾಗಿ ಇಳಿಯಬೇಕಾದ ದಾರದ ಮೈ ಒರಟಾಗಿ ನೊರೆಯಂತಾಗುವುದು, ಇವೆಲ್ಲ ಗುಳ್ಳೆಯ ಗುರುತು. ಮೊದಲ ಕೆಲವು ಸೆಂಟಿಮೀಟರ್ ಬಿಟ್ಟು ಆಮೇಲಿನದನ್ನು ನೋಡಿ, ನಾಝಲ್‌ನಲ್ಲಿ ನಿಂತಿದ್ದ ಹಳೆಯ ಪ್ಲಾಸ್ಟಿಕ್ ದಾರಿ ತಪ್ಪಿಸುತ್ತದೆ.

ಸೀಲ್ ಮಾಡಿದ ಚೀಲದಲ್ಲಿ ಬಂದರೂ ಎಳೆ ತೇವವಾಗಿರಬಹುದು. ತಯಾರಿಕೆಯಲ್ಲಿ ನೀರಿನ ತೊಟ್ಟಿಯಲ್ಲಿ ತಣಿಸಿ, ಸರಿಯಾಗಿ ಆರುವ ಮೊದಲೇ ಸುತ್ತಿ ಮುಚ್ಚಿದರೆ, ಸಿಲಿಕಾ ಪೊಟ್ಟಣ ಅದನ್ನು ನಿಭಾಯಿಸಲಾರದು. ಗುಳ್ಳೆಗೆ ತೇವವೇ ಕಾರಣವೋ ಅಲ್ಲವೋ ತಿಳಿಯಲು ಇಡೀ ಸ್ಪೂಲ್ ಒಣಗಿಸಬೇಕಿಲ್ಲ. ಎರಡು ಮೀಟರ್ ಕತ್ತರಿಸಿ 45ರಿಂದ 50 ಡಿಗ್ರಿಯಲ್ಲಿ ಆರು ಗಂಟೆ ಒಣಗಿಸಿ. ಪಿಎಲ್‌ಎ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುವುದರಿಂದ 50ಕ್ಕಿಂತ ಮೇಲೆ ಹೋಗಬೇಡಿ. ಒಣಗಿಸಿದ್ದನ್ನೂ ಒಣಗಿಸದಿದ್ದನ್ನೂ ಒಂದಾದ ಮೇಲೊಂದು ಅದೇ ಉಷ್ಣತೆಯಲ್ಲಿ ಹೊರಬಿಟ್ಟು ನೋಡಿ. ಸದ್ದು ನಿಂತರೆ ತೇವವೇ ಕಾರಣ, ಇಡೀ ಸ್ಪೂಲನ್ನು ಒಣಗಿಸಿ ಧೈರ್ಯವಾಗಿ ಬಳಸಿ. ಎರಡರಲ್ಲೂ ಒಂದೇ ಥರ ಗುಳ್ಳೆ ಬಂದರೆ ಉಷ್ಣತೆಯನ್ನು 10 ಡಿಗ್ರಿ ಇಳಿಸಿ ಇನ್ನೊಮ್ಮೆ ನೋಡಿ. ಆಗಲೂ ಬಂದರೆ ಪೊಳ್ಳು ಅಥವಾ ಕಲಬೆರಕೆ ಎಳೆಯಲ್ಲೇ ಇದೆ, ಒಣಗಿಸಿ ಪ್ರಯೋಜನವಿಲ್ಲ. ಅಂಥ ಸ್ಪೂಲನ್ನು ಅಳತೆಗಳ ಚೀಟಿ, ಕತ್ತರಿಸಿದ ತುಂಡುಗಳ ಫೋಟೋ ಸಮೇತ ಮಾರಿದವರಿಗೆ ಹಿಂತಿರುಗಿಸಿ. ಅರ್ಧ ಖಾಲಿಯಾದ ಮೇಲೆ ಕೇಳಿದರೆ ಒಪ್ಪಿಸುವುದು ಕಷ್ಟ, ಅದಕ್ಕೇ ಈ ಪರೀಕ್ಷೆಗಳನ್ನೆಲ್ಲ ಮೊದಲ ಪ್ರಿಂಟಿಗಿಂತ ಮುಂಚೆಯೇ ಮುಗಿಸಿ.