ಮಗ ಮರಳಿ ಸಿಕ್ಕಿದ ಮೇಲೆ

"ನಮಸ್ಕಾರ. ಡೆನ್ಮಾರ್ಕಿನ ತತ್ವಜ್ಞಾನಿ ಕಿರ್ಕೆಗಾರ್ಡ್ ಹೇಳುವ ಬದುಕಿನ ಮೂರು ಹಂತಗಳ ಬಗ್ಗೆ 'ಮೂರು ಮೆಟ್ಟಿಲು, ಒಂದು ಜಿಗಿತ' ಎಂಬ ಲೇಖನ ಕಳಿಸಿದ್ದೇನೆ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ."

ನಿಮ್ಮ ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡು ಸಾಲುಗಳು ನನ್ನನ್ನು ರಾತ್ರಿಯೆಲ್ಲಾ ಕಾಡಿದವು. ಅವೆರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು: "ವಯಸ್ಸಾದಂತೆ ಮನುಷ್ಯ ಸುಖದಿಂದ ಕರ್ತವ್ಯಕ್ಕೆ, ಕರ್ತವ್ಯದಿಂದ ದೇವರಿಗೆ ಏರುತ್ತಾನೆ." ಇಲ್ಲಿ 'ವಯಸ್ಸಾದಂತೆ' ಎಂಬ ಮಾತು ಎಲ್ಲಿಂದ ಬಂತು? ಬಹುಶಃ ನಮ್ಮ ಆಶ್ರಮಗಳ ಲೆಕ್ಕದಿಂದ. ಕಿರ್ಕೆಗಾರ್ಡ್‌ನ ಮೊದಲ ಹಂತದವನು, ಸುಖಕ್ಕಾಗಿಯೇ ಬದುಕುವ ರಸಿಕ, ಎಂಬತ್ತಾದರೂ ರಸಿಕನಾಗಿಯೇ ಉಳಿಯಬಹುದು. 1843ರಲ್ಲಿ ಬಂದ 'ಇದು ಇಲ್ಲವೇ ಅದು' ಪುಸ್ತಕದ ರಸಿಕನಿಗೆ ದೊಡ್ಡ ಭಯವೆಂದರೆ ಬೇಸರ. ಅದರಿಂದ ತಪ್ಪಿಸಿಕೊಳ್ಳಲು ಅವನು ಯಾವುದಕ್ಕೂ ಕಟ್ಟುಬೀಳುವುದಿಲ್ಲ, ಸ್ನೇಹಕ್ಕೂ ಇಲ್ಲ, ಮದುವೆಗೂ ಇಲ್ಲ. ಅವನಿಗೆ ಉತ್ತರ ಬರೆಯುವ ನ್ಯಾಯಾಧೀಶ ವಿಲ್ಹೆಲ್ಮ್, ಪ್ರೀತಿ ಬಿಟ್ಟು ಕರ್ತವ್ಯಕ್ಕೆ ಬಾ ಎನ್ನುವುದಿಲ್ಲ. ಮದುವೆಯಲ್ಲೇ ಮೊದಲ ಪ್ರೀತಿ ಉಳಿಯುತ್ತದೆ, ಆದರೆ ನೀನು ಆರಿಸಿಕೊಳ್ಳಬೇಕು ಎನ್ನುತ್ತಾನೆ. ಕೆಳಗಿನದನ್ನು ಎಸೆದು ಮೇಲೆ ಹೋಗುವ ಮಾತೇ ಅಲ್ಲಿಲ್ಲ. ಇದನ್ನು ನೀವು ಬಿಟ್ಟಿದ್ದರಿಂದಲೇ ಎರಡನೇ ತಪ್ಪೂ ಆಗಿದೆ.

ಆ ಎರಡನೇ ಸಾಲು ಇದು: "ಅಬ್ರಹಾಮ ಮಗನನ್ನೇ ಬಿಟ್ಟುಕೊಡಲು ಸಿದ್ಧನಾದ. ಅದೇ ನಂಬಿಕೆಯ ಜಿಗಿತ."

ಅಲ್ಲ. ಬೈಬಲ್ಲಿನ ಕಥೆಯಲ್ಲಿ ದೇವರು ಅಬ್ರಹಾಮನಿಗೆ ಮಗ ಇಸಾಕನನ್ನು ಮೊರೀಯ ಬೆಟ್ಟದ ಮೇಲೆ ಬಲಿ ಕೊಡು ಎನ್ನುತ್ತಾನೆ, ಕೊನೆಗಳಿಗೆಯಲ್ಲಿ ತಡೆಯುತ್ತಾನೆ, ಮಗನ ಬದಲು ಟಗರು ಬಲಿಯಾಗುತ್ತದೆ. ಅದರಲ್ಲಿ ಬಿಟ್ಟುಕೊಡುವುದು ಅರ್ಧ ಮಾತ್ರ. ಅದೇ ವರ್ಷ ಬಂದ 'ಭಯ ಮತ್ತು ನಡುಕ'ದಲ್ಲಿ ಅದಕ್ಕೆ ಬೇರೆಯೇ ಹೆಸರಿದೆ. ಪೂರ್ತಿ ತೊರೆದುಬಿಡುವುದು ಅಂತ. ಗ್ರೀಕರ ರಾಜ ಅಗಮೆಮ್ನಾನ್ ಕೂಡ ಮಗಳನ್ನು ಬಲಿಗೆ ಬಿಟ್ಟುಕೊಟ್ಟ. ಯುದ್ಧಕ್ಕೆ ಹಡಗುಗಳು ಹೊರಡಬೇಕಿತ್ತು, ಇಡೀ ಸೈನ್ಯಕ್ಕೆ ಕಾರಣ ಗೊತ್ತಿತ್ತು, ಜನ ಅವನ ಜೊತೆ ಅತ್ತರು. ಅವನು ನೀತಿಯ ಒಳಗೇ ಇದ್ದಾನೆ. ಮಗಳ ಮೇಲಿನ ಕರ್ತವ್ಯಕ್ಕಿಂತ ನಾಡಿನ ಮೇಲಿನದು ದೊಡ್ಡದಾಯಿತು, ಅಷ್ಟೇ. ಅಬ್ರಹಾಮನಿಗೆ ಅಂಥ ಕಾರಣವಿಲ್ಲ. ಹೆಂಡತಿ ಸಾರಾಳಿಗೆ ಹೇಳಲಾರ, ಇಸಾಕನಿಗೂ ಹೇಳಲಾರ. ನೀತಿಯ ಕಣ್ಣಿಗೆ ಅವನು ಕೊಲೆಗಾರ. ಇದನ್ನು ಕಿರ್ಕೆಗಾರ್ಡ್ ಮುಚ್ಚಿಡುವುದಿಲ್ಲ, ನೀವೂ ಮುಚ್ಚಿಡಬಾರದು.

ಹಾಗಾದರೆ ನಂಬಿಕೆ ಎಲ್ಲಿದೆ? ಕತ್ತಿ ಎತ್ತುವಾಗಲೂ ಇಸಾಕ ತನಗೆ ಸಿಗುತ್ತಾನೆ ಎಂದು ಅವನು ನಂಬಿದ್ದ. ಪರಲೋಕದಲ್ಲಲ್ಲ, ಇಲ್ಲೇ, ಈ ಬದುಕಿನಲ್ಲೇ. ಹೇಗೆ ಅಂತ ಬುದ್ಧಿಗೆ ತೋಚುವುದಿಲ್ಲ. ಜಿಗಿತ ಅಂದರೆ ಅದು. ಕಣ್ಣು ಮುಚ್ಚಿ ಕತ್ತಲಿಗೆ ಹಾರುವುದಲ್ಲ. ಇದು ಆಗದ ಮಾತು ಎಂದು ಕಣ್ಣು ಬಿಟ್ಟು ನೋಡಿ, ಆಮೇಲೂ ನಂಬುವುದು.

ನಾನೂ ಇದೇ ತಪ್ಪು ಮಾಡಿದ್ದೆ. ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸತು. ತ್ಯಾಗದ ಬಗ್ಗೆ ಕಣ್ಣೀರು ತರಿಸುವ ಹಾಗೆ ಮೂರು ಪುಟ ಬರೆದು, ಹಿರಿಯ ಸಂಪಾದಕರ ಮೇಜಿನ ಮೇಲಿಟ್ಟೆ. ಓದಿ ಪಕ್ಕಕ್ಕಿಟ್ಟು ಕೇಳಿದರು: "ಅಲ್ಲಯ್ಯಾ, ಮಗ ವಾಪಸ್ ಸಿಕ್ಕಿದ ಮೇಲೆ ಅಬ್ರಹಾಮನಿಗೆ ಖುಷಿ ಆಯ್ತೋ ಇಲ್ವೋ?" ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಬೆಟ್ಟದ ಮೇಲೇ ನಿಲ್ಲಿಸಿದ್ದೆ. ಮನೆಗೆ ಬರುವ ದಾರಿಯನ್ನು ಯೋಚಿಸಿಯೇ ಇರಲಿಲ್ಲ.

ಅವರ ಪ್ರಶ್ನೆ ಹಿಡಿದು 'ಭಯ ಮತ್ತು ನಡುಕ'ವನ್ನು ಮತ್ತೆ ಓದಿದೆ. ಶುರುವಿನಲ್ಲೇ ಕಿರ್ಕೆಗಾರ್ಡ್ ಮೊರೀಯ ಬೆಟ್ಟದ ಕಥೆಯನ್ನು ನಾಲ್ಕು ಬಗೆಯಲ್ಲಿ ಕಟ್ಟಿದ್ದಾನೆ. ನಾಲ್ಕರಲ್ಲೂ ಏನೋ ತಪ್ಪುತ್ತದೆ. ಎರಡನೆಯದರಲ್ಲಿ ಅಬ್ರಹಾಮ ದೇವರು ಹೇಳಿದಂತೆಯೇ ನಡೆಯುತ್ತಾನೆ, ಟಗರು ಕಾಣಿಸುತ್ತದೆ, ಮಗ ಉಳಿಯುತ್ತಾನೆ. ಆದರೆ ದೇವರು ಇಂಥದ್ದನ್ನು ಕೇಳಿದನಲ್ಲ ಎಂಬುದನ್ನು ಅವನು ಮರೆಯಲಾರ. ಇಸಾಕ ಮೊದಲಿನಂತೆಯೇ ಬೆಳೆಯುತ್ತಾನೆ, ಅಪ್ಪನ ಕಣ್ಣು ಮಾತ್ರ ಮಬ್ಬಾಗಿ ಮತ್ತೆಂದೂ ಸಂತೋಷ ಕಾಣುವುದಿಲ್ಲ. ಈ ಅಬ್ರಹಾಮ ಎಲ್ಲವನ್ನೂ ಬಿಟ್ಟುಕೊಟ್ಟ. ಮರಳಿ ಪಡೆಯಲು ಅವನಿಗೆ ಬರಲಿಲ್ಲ. ನಿಮ್ಮ ಲೇಖನದಲ್ಲಿರುವವನು ಇವನೇ.

ಕಿರ್ಕೆಗಾರ್ಡ್‌ಗೆ ಈ ವ್ಯತ್ಯಾಸ ಬರೀ ಪುಸ್ತಕದ ವಿಷಯವಾಗಿರಲಿಲ್ಲ. 1841ರಲ್ಲಿ ಅವನು ರೆಗೀನ ಓಲ್ಸೆನ್ ಜೊತೆಗಿನ ನಿಶ್ಚಿತಾರ್ಥ ಮುರಿದುಕೊಂಡ. ನನಗೆ ನಂಬಿಕೆ ಇದ್ದಿದ್ದರೆ ರೆಗೀನಳ ಜೊತೆಗೇ ಉಳಿಯುತ್ತಿದ್ದೆ ಎಂದು 1843ರಲ್ಲಿ ತನ್ನ ದಿನಚರಿಯಲ್ಲಿ ಬರೆದುಕೊಂಡ. ನೀವು ಆ ಮುರಿದ ನಿಶ್ಚಿತಾರ್ಥವನ್ನೇ ಅವನ ಜಿಗಿತ ಎಂದಿದ್ದೀರಿ. ಅವನ ಮಾತು ಅದಕ್ಕೆ ನೇರ ಉಲ್ಟಾ ಇದೆ, ಅಲ್ವಾ?

ಹೀಗೆ ನಂಬಬಲ್ಲವನನ್ನು, ನಂಬಿಕೆಯ ವೀರನನ್ನು, ಎದುರಿಗೆ ಕಂಡರೆ ಗುರುತೇ ಸಿಗುವುದಿಲ್ಲ ಎನ್ನುತ್ತಾನೆ ಅವನು. ತೆರಿಗೆ ವಸೂಲಿಯವನ ಹಾಗೆ ಕಾಣುತ್ತಾನಂತೆ. ಮನೆಯಲ್ಲಿ ಹೆಂಡತಿ ಬಿಸಿಬಿಸಿಯಾಗಿ ಏನು ಮಾಡಿಟ್ಟಿರುತ್ತಾಳೋ, ಹುರಿದ ಕುರಿತಲೆ ಇರಬಹುದು ಎಂದುಕೊಳ್ಳುತ್ತಾ ನಡೆಯುತ್ತಾನೆ. ಅಡುಗೆ ಮಾಡಿರದಿದ್ದರೂ ಅವನ ಮನಸ್ಸು ಕೆಡುವುದಿಲ್ಲ. ನಿಮ್ಮ ಲೇಖನದ ಗಂಭೀರ ಸಂತನಿಗಿಂತ ಇವನು ಎಷ್ಟು ಹತ್ತಿರದವನು ನೋಡಿ.

ಲೇಖನ ಈಗ ಹಾಕುವುದಿಲ್ಲ. ಮೆಟ್ಟಿಲು ತೆಗೆಯಿರಿ, ಶೀರ್ಷಿಕೆಯಿಂದಲೂ. ಕೊನೆಯ ಎರಡು ಪುಟ ಹೊಸದಾಗಿ ಬರೆಯಿರಿ. ಅವು ಬೆಟ್ಟದ ಮೇಲೆ ಮುಗಿಯದೆ, ಅಪ್ಪ ಮಗ ಇಬ್ಬರೂ ಇಳಿದು ಬರುವಲ್ಲಿಂದ ಶುರುವಾಗಲಿ. ಬರೆದಾದ ಮೇಲೆ ಕಳಿಸಿ, ಕಾಯುತ್ತಿರುತ್ತೇನೆ.